ಹುಡುಗ ಶಾಣ್ಯಾ ಅದಾನ, ಸಾಲ್ಯಾಗ ಮನಸ್ಸಿಲ್ಲ: ಪ್ರಗತಿ ಪತ್ರದಾಗ ಏನ್ ಬರೀಲಿ?

ಗಣಿತ ಟೀಚರ್, ಗದಗ ತಾಲೂಕು

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ಹತ್ರ ಒಂದು ಹೈಸ್ಕೂಲಿನ್ಯಾಗ ಎಂಟನೇತ್ತಾ ಕ್ಲಾಸ್ ಟೀಚರ್ ಅದೀನಿ, ಗಣಿತಾನೂ ನಾನ ಹೇಳ್ತೀನಿ. ಎಸ್‌ಎ-1 ಮುಗದೈತಿ, ದಸರಾ ಸೂಟಿ ಬಿಡೂಕಿಂತ ಮೊದಲ ಪ್ರಗತಿ ಪತ್ರ ಕೊಡಬೇಕು. 46 ಮಂದಿ ಹುಡುಗರೊಳಗ 45 ಮಂದೀದು ಬರದು ಮುಗಿಸೀನಿ. ಒಬ್ಬವನ ಹತ್ರ ಪೆನ್ನು ನಿಂತಬಿಟ್ಟೈತಿ.

ಈ ಹುಡುಗ ಬಾಯಿಲೆಕ್ಕದಾಗ ನನಗಿಂತ ಜೋರ ಅದಾನ್ರಿ. ಮೊನ್ನೆ ಉಳ್ಳಾಗಡ್ಡಿ ರೇಟಿನ ಮ್ಯಾಲ ಒಂದು ಲೆಕ್ಕ ಹೇಳಿದೆ: ಕ್ವಿಂಟಲಿಗೆ 1,850 ರೂಪಾಯಿ, 6 ಕ್ವಿಂಟಲ್ 40 ಕಿಲೋ ಮಾಲು. ನಾನು ಬೋರ್ಡಿನ ಮ್ಯಾಲ ಗುಣಾಕಾರ ಹಾಕೂದರೊಳಗ ಹಿಂದಿನ ಬೆಂಚಿನಿಂದ "11,840 ಟೀಚರ್" ಅಂದ. ಆಮ್ಯಾಲ ಬಾಜೂಕಿನ ಹುಡುಗಗ ಹೆಂಗ ಮಾಡಿದೆ ಅಂತನೂ ತಿಳಿಸಿ ಹೇಳಿದ. ಅದ ಹುಡುಗ ಎಸ್‌ಎ-1 ಗಣಿತದಾಗ 40ಕ್ಕ 19 ತಗೊಂಡಾನ. ನೋಟ್‌ಬುಕ್ ಜುಲೈ ತಿಂಗಳದಿಂದ ಖಾಲಿ. ಪರೀಕ್ಷಾದಾಗ ಅರ್ಧಾ ತಾಸು ಮೊದಲ ಪೇಪರ್ ಕೊಟ್ಟು ಕಿಟಕಿ ಹೊರಗ ನೋಡ್ಕೋತ ಕುಂತಿದ್ದ. ಬೇರೆ ಸಬ್ಜೆಕ್ಟ್‌ನ್ಯಾಗೂ ಇದ ಕತಿ ಅಂತ ಉಳದ ಮಾಸ್ತರು ಹೇಳ್ತಾರ.

ನಾನು ಪೆನ್ಸಿಲ್‌ಲೆ ಬರಕೊಂಡದ್ದು ಇದು: "ಬುದ್ಧಿವಂತ ವಿದ್ಯಾರ್ಥಿ. ಆದರೆ ಅಭ್ಯಾಸದ ಕಡೆ ಗಮನವಿಲ್ಲ. ಇನ್ನೂ ಹೆಚ್ಚು ಪ್ರಯತ್ನಿಸಬೇಕು." ಓದಿದ ಮ್ಯಾಲ ನನಗ ಸಮಾಧಾನ ಆಗವಲ್ದು. ಇದರಿಂದ ಅವನಿಗೂ ಏನೂ ತಿಳಿಯೂದಿಲ್ಲ, ಅವರ ಮನ್ಯಾಗೂ ಏನೂ ತಿಳಿಯೂದಿಲ್ಲ. ಜಾಗಾ ಎರಡ ಗೆರಿ ಐತಿ. ಹೆಂಗ ಬರಿಯೂದು ಹೇಳ್ರಿ.

ಪ್ರೈಮರಿ ಮಾಸ್ತರ್, ರೋಣ

ಅಕ್ಕೋರ, ಇಷ್ಟ ಯಾಕ ತಲಿ ಕೆಡಿಸಿಕೊಂಡೀರಿ. ನಾವು ನಾಲ್ಕೈದು ವಾಕ್ಯ ಬರದು ಇಟಗೊಂಡೀವಿ, ಗ್ರೇಡ್ ನೋಡಿ ಹಾಕ್ಕೋತ ಹೋಗ್ತೀವಿ. 'ಎ' ಇದ್ದರ "ಉತ್ತಮ, ಹೀಗೇ ಮುಂದುವರಿಯಲಿ." 'ಬಿ' ಇದ್ದರ "ತೃಪ್ತಿಕರ, ಸುಧಾರಣೆ ಅಗತ್ಯ." ನಿಮ್ಮ ಹುಡುಗಗ 19 ಅಂದ್ರ 'ಬಿ'. ಎರಡನೇದು ಬರದು ಮುಗಿಸ್ರಿ. ಅಷ್ಟು ಮಂದೀಗೆ ಬ್ಯಾರೆ ಬ್ಯಾರೆ ಬರೀಲಿಕ್ಕೆ ಯಾರ ಹತ್ರ ವ್ಯಾಳ್ಯಾ ಐತಿ ಹೇಳ್ರಿ.

ಲೇಥ್ ಕೆಲಸಗಾರ, ಹುಬ್ಬಳ್ಳಿ

ನಾನು ಮಾಸ್ತರ ಅಲ್ರಿ, ಗೋಕುಲ ರೋಡಿನ್ಯಾಗ ಲೇಥ್ ಮಷೀನ್ ಮ್ಯಾಲ ಕೆಲಸಾ ಮಾಡ್ತೀನಿ. ಮ್ಯಾಲಿನ ಸರ್ ಬರದದ್ದು ಓದಿ ಬರೀಬೇಕು ಅನಿಸ್ತು. ನನ್ನ ಕಾರ್ಡಿನ್ಯಾಗ ಆರನೇತ್ತಾ, ಏಳನೇತ್ತಾ, ಎಂಟನೇತ್ತಾ ಮೂರೂ ವರ್ಷ ಒಂದ ಸಾಲು ಇತ್ತು: "ಮನಸ್ಸು ಮಾಡಿದರೆ ಮಾಡುತ್ತಾನೆ." ನಮ್ಮವ್ವಗ ಓದಾಕ ಬರ್ತಿದ್ದಿಲ್ಲ, ಕಾರ್ಡ್ ನಾನ ಓದಿ ಹೇಳಬೇಕಿತ್ತು. "ಚಲೋ ಮಾಡ್ಯಾನ ಅಂತ ಬರದಾರವ್ವಾ" ಅಂತಿದ್ದೆ, ಆಕಿ ಹೆಬ್ಬೆಟ್ಟು ಒತ್ತತಿದ್ಲು. ಮನಸ್ಸು ಮಾಡೂದು ಅಂದ್ರ ಏನ್ ಮಾಡಬೇಕು ಅಂತ ನನಗ ಆವಾಗ ಗೊತ್ತಾಗಲಿಲ್ಲ. ನಾಳೆ ಮುಂಜಾನೆ ಎದ್ದು ಇಂಥಾದ್ದು ಮಾಡು ಅಂತ ಯಾರರೆ ಬರದಿದ್ರ ಮಾಡತಿದ್ನೇನೋ. ಟೀಚರ್, ಆ ಹುಡುಗ ಅವರವ್ವನ ಮುಂದ ಸುಳ್ಳು ಹೇಳದ ಓದೂ ಹಂಗ ಬರೀರಿ.

ನಿವೃತ್ತ ಹೆಡ್‌ಮಾಸ್ತರ್, ಧಾರವಾಡ

ತಂಗಿ, ಪೆನ್ನು ನಿಂತದ್ದು ಚಲೋ ಆತು. ವಾಕ್ಯದ ವಿಚಾರ ಆಮ್ಯಾಲ ಮಾಡೋಣು. ಮೊದಲ ಆ ಉತ್ತರ ಪತ್ರಿಕಿ ಕೈಯಾಗ ತಗೋರಿ. "ಗಮನವಿಲ್ಲ" ಅನ್ನೂದು ನೀವು ಕಂಡದ್ದಲ್ಲ, ನೀವು ಕಟ್ಟಿದ ಅರ್ಥ. ಕಂಡದ್ದು ಖಾಲಿ ನೋಟ್‌ಬುಕ್ಕು, ಕಿಟಕಿ ಕಡೆ ಮಾರಿ, 19 ಅಂಕ. 19 ಎಲ್ಲಿಂದ ಬಂತು, 21 ಎಲ್ಲಿ ಹೋತು? ಒಂದು, ಎರಡು, ನಾಲ್ಕು ಅಂಕದ ಪ್ರಶ್ನೆ ಬ್ಯಾರೆ ಬ್ಯಾರೆ ಮಾಡಿ ಎಣಿಸಿ ಇಲ್ಲೆ ಬರೀರಿ. ಹದಿನೈದು ನಿಮಿಷದ ಕೆಲಸ ಅದ.

ಮಾಸ್ತರ, ನಿಮ್ಮ ತ್ರಾಸ ನನಗ ಗೊತ್ತದ. 46 ಮಂದಿಗೂ ಹಿಂಗ ಮಾಡ್ರಿ ಅಂತ ನಾನು ಹೇಳೂದಿಲ್ಲ. ಒಂದು ಸೆಮಿಸ್ಟರಿಗೆ ನಾಲ್ಕೈದು ಹುಡುಗರ ಹತ್ರ ಮಾತ್ರ ಪೆನ್ನು ಹಿಂಗ ನಿಂದರ್ತದ. ಅವರಿಗರೆ ಮಾಡ್ರಿ.

ಗುಮಾಸ್ತ, ಸವಣೂರು

ಗ್ರೇಡ್ ಸ್ಯಾಟ್ಸ್‌ನ್ಯಾಗ ಎಂಟ್ರಿ ಆದ ಮ್ಯಾಲ ಷರಾ ಬದಲಿ ಮಾಡಾಕ ಬರ್ತೈತೇನು ಅಂತ ಕೇಳಾಕತ್ತೀರೇನ್ರಿ? ಬಿಇಒ ಆಫೀಸಿಗೆ ಒಂದು ಪತ್ರ ಕೊಟ್ಟು ನೋಡ್ರಿ.

ಗಣಿತ ಟೀಚರ್, ಗದಗ ತಾಲೂಕು

ಇಲ್ರಿ ಅಣ್ಣಾರ, ಎಂಟ್ರಿ ಆಗೇತಿ, ಅದರ ತೊಂದರಿ ಇಲ್ಲ. ಕೈಲೆ ಬರದು ಮನಿಗೆ ಕೊಡೂ ಕಾರ್ಡಿನ ಮಾತು ಇದು.

ಸರ, ಪೇಪರ್ ತಗೊಂಡು ಕುಂತಿದ್ದೆ. ಒಂದು ಅಂಕದ್ದು ಎಂಟು ಇದ್ದೂ, ಎಂಟೂ ಸರಿ. ಎರಡು ಅಂಕದ್ದು ಎಂಟು. ಅದರಾಗ ಮೂರಕ್ಕ ಪೂರ್ತಿ ಅಂಕ. ನಾಲ್ಕರಾಗ ಬರೇ ಉತ್ತರ ಬರದಾನ, ಉತ್ತರ ಸರಿ, ಹಂತ ಒಂದೂ ಇಲ್ಲ, ಅದಕ್ಕ ಒಂದೊಂದ ಅಂಕ ಕೊಟ್ಟೀನಿ. ಒಂದು ಖಾಲಿ. ಅಲ್ಲಿಗೆ ಹತ್ತು. ನಾಲ್ಕು ಅಂಕದ್ದು ನಾಲ್ಕು ಇದ್ದೂ. ಮೂರು ಪೂರ್ತಿ ಖಾಲಿ, ಒಂದಕ್ಕ ಒಂದ ಸಾಲು ಬರದು ಕಾಟ ಹೊಡದಾನ, ಅದಕ್ಕ ಒಂದು ಅಂಕ. ಎಂಟು, ಹತ್ತು, ಒಂದು, ಒಟ್ಟು 19.

ಕಾಟ ಹೊಡದದ್ದು ಇದು:

x/2 − 1/5 = x/3 + 1/4

ಇದನ್ನ ಎಣಿಸೂತನಕ ನಾನು ಇವಾ ಎಲ್ಲಾ ಕಡೆ ಅಷ್ಟಿಷ್ಟು ಬರದು ಬಿಟ್ಟಾನ ಅಂತ ತಿಳಕೊಂಡಿದ್ದೆ. ಹಂಗಿಲ್ಲ. ಸಣ್ಣವು ಎಲ್ಲಾ ಸರಿ, ದೊಡ್ಡವು ಎಲ್ಲಾ ಖಾಲಿ.

ನಿವೃತ್ತ ಹೆಡ್‌ಮಾಸ್ತರ್, ಧಾರವಾಡ

ಈಗ ದಾರಿ ಕಾಣಲಿಕ್ಕೆ ಹತ್ತೇದ. ಮನಸ್ಸಿಲ್ಲದ ಹುಡುಗ ಎಂಟಕ್ಕ ಎಂಟು ಸರಿ ಮಾಡೂದು ಕಡಿಮಿ. ನನಗೇನ ಅನಸ್ತದ ಅಂದ್ರ, ಇಂವಾ ತಲಿಯೊಳಗ ಅಂಕಿ ಹಾಕಿ ನೋಡಿ ಉತ್ತರ ಹಿಡೀತಾನ. ಒಂದು ಸಂಖ್ಯಾದ ಮೂರು ಪಟ್ಟಿಗೆ 7 ಕೂಡಿಸಿದ್ರ 34 ಅಂದ್ರ, 9 ಅಂತ ಹೊಳೀತದ. ಬರಿಯೂ ಗರಜು ಬೀಳಲಿಲ್ಲ. ಆದ್ರ ನೀವು ಕೊಟ್ಟ ಭಿನ್ನರಾಶಿ ಸಮೀಕರಣದ ಉತ್ತರ ಪೂರ್ಣಾಂಕ ಅಲ್ಲ. ಎಷ್ಟು ಅಂಕಿ ಹಾಕಿ ನೋಡಿದ್ರೂ ಸಿಗೂದಿಲ್ಲ. ಅಲ್ಲಿ ಸಾಲಿನ ಕೆಳಗ ಸಾಲು ಬರೀಲೇಬೇಕು, ಆ ರೂಢಿ ಇವಂಗ ಬಿದ್ದೇ ಇಲ್ಲ. ಬರಂಗಿಲ್ಲ ಅಂತ ತೋರಿಸಿಕೊಳ್ಳೂದಕಿಂತ ಮನಸ್ಸಿಲ್ಲ ಅಂತ ತೋರಿಸಿಕೊಳ್ಳೂದು 13 ವರ್ಷದ ಹುಡುಗಗ ಹಗರ.

ಇದು ನನ್ನ ಊಹಾ. ಖಾತ್ರಿ ಮಾಡಿಕೊಳ್ಳದ ಕಾರ್ಡಿನ್ಯಾಗ ಬರೀಬ್ಯಾಡ್ರಿ. ನಾಳೆ ಊಟದ ಬಿಡುವಿನ್ಯಾಗ ಅವನ್ನ ಬಾಜೂಕ ಕೂಡ್ರಿಸಿಕೊಂಡು ಅದ ಸಮೀಕರಣ ಕೊಡ್ರಿ. ಹೇಳಿಕೊಡಬ್ಯಾಡ್ರಿ, ಯಾಕ ಬರೀಲಿಲ್ಲ ಅಂತನೂ ಕೇಳಬ್ಯಾಡ್ರಿ. "ಮೊದಲನೇ ಸಾಲು ಏನ್ ಬರೀತಿ?" ಅಂತ ಕೇಳಿ ಸುಮ್ಮನ ಕೂಡ್ರಿ.

ಬಿಎಡ್ ಮುಗಿಸಿದ ಟೀಚರ್, ಹುಬ್ಬಳ್ಳಿ

ನನ್ನದೂ ಒಂದು ಮಾತು. "ಬುದ್ಧಿವಂತ" ಎನ್ನುವ ಪದವನ್ನೇ ತೆಗೆದುಬಿಡಿ. ಮಕ್ಕಳ ಬುದ್ಧಿಯನ್ನು ಹೊಗಳಿದರೆ, ತಪ್ಪಾದಾಗ ಆ ಹೆಸರು ಹೋಗುತ್ತದೆ ಎಂದು ಅವರು ಕಷ್ಟದ ಲೆಕ್ಕದಿಂದ ದೂರ ಸರಿಯುತ್ತಾರೆ. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಇದನ್ನೇ ತೋರಿಸಿದ್ದಾರೆ. ಕಾರ್ಡಿನಲ್ಲಿ ಕೊರತೆಯ ಮಾತು ಬರಲೇಬಾರದು, ಬರೀ ಒಳ್ಳೆಯದನ್ನೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಸಾಧ್ಯವಾದರೆ ಅಂಕವನ್ನೂ ಕೊಡಬಾರದು. ರೂತ್ ಬಟ್ಲರ್ ಅವರ 1988ರ ಅಧ್ಯಯನದಲ್ಲಿ ಬರೀ ಷರಾ ಸಿಕ್ಕ ಮಕ್ಕಳು ಮುಂದೆ ಬಂದರು, ಷರಾದ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಮಗು ಅಂಕ ನೋಡುತ್ತದೆ, ಷರಾ ಓದುವುದಿಲ್ಲ.

ನಿವೃತ್ತ ಹೆಡ್‌ಮಾಸ್ತರ್, ಧಾರವಾಡ

"ಬುದ್ಧಿವಂತ" ತೆಗೀರಿ ಅನ್ನೂದು ಖರೆ ಮಾತು. ಆ ಜಾಗಾದಾಗ ನೀವು ಕಣ್ಣಾರೆ ಕಂಡದ್ದು ಬರೀರಿ, ಉಳ್ಳಾಗಡ್ಡಿ ಲೆಕ್ಕ ಇದ್ದೇ ಅದ. ಆದ್ರ ಬರೇ ಒಳ್ಳೇದು ಬರದ್ರ ಆ ಹುಡುಗ ನಂಬೂದಿಲ್ಲ ನಮ್ಮವ್ವಾ. 21 ಅಂಕ ಹೋದದ್ದು ಅವಂಗ ಗೊತ್ತದ. ಅದನ್ನ ಮುಚ್ಚಿಟ್ಟ ಷರಾ ಅವನ ಪಾಲಿಗೆ ಸುಳ್ಳು. ಕೊರತಿ ಅಂತ ಬರೀಬ್ಯಾಡ್ರಿ, ಮುಂದ ಮಾಡೂ ಕೆಲಸ ಅಂತ ಬರೀರಿ.

ಅಂಕ ಬಿಡಲಿಕ್ಕೆ ನಮಗ ಬರೂದಿಲ್ಲ, ಕಾರ್ಡಿನ್ಯಾಗ ಗ್ರೇಡ್ ಇರಲೇಬೇಕು. ನಾ ಏನ್ ಮಾಡತಿದ್ದೆ ಅಂದ್ರ, ಕಾರ್ಡ್ ಕೊಡೂ ಹಿಂದಿನ ದಿನ ಷರಾ ಅಷ್ಟ ಒಂದು ಚೀಟಿ ಮ್ಯಾಲ ಬರದು ಹುಡುಗನ ಕೈಯಾಗ ಕೊಡತಿದ್ದೆ. ಮರುದಿನ ಗ್ರೇಡ್ ನೋಡೂದರೊಳಗ ಷರಾ ಓದಿ ಆಗಿರ್ತಿತ್ತು.

ತಾಯಿ, ಹಾವೇರಿ

ನಾನು ಶಿಕ್ಷಕಿ ಅಲ್ಲ, ಏಳನೇತ್ತಾ ಓದೂ ಹುಡುಗಿ ತಾಯಿ. ಹೋದ ವರ್ಷ ನಮ್ಮ ಮಗಳ ಕಾರ್ಡಿನ್ಯಾಗ "ತರಗತಿಯಲ್ಲಿ ಗಮನ ಕೊಡುವುದಿಲ್ಲ, ಪಾಲಕರು ಗಮನಿಸಬೇಕು" ಅಂತ ಬರದಿದ್ರು. ನಮ್ಮ ಮನೆಯವರು ಅದನ್ನ ಓದಿ ಟಿವಿ ವೈರ್ ಕಿತ್ತಿಟ್ರು, ಒಂದು ತಿಂಗಳು ದಿನಾ ಬೈದ್ರು. ಆಕಿ ಗಮನ ಏನೂ ಹೆಚ್ಚಾಗಲಿಲ್ಲ, ಅಪ್ಪನ ಜೊತಿ ಮಾತು ಮಾತ್ರ ಕಡಿಮಿ ಆತು. ಆಮ್ಯಾಲ ನೋಡಿದ್ರ ಕಣ್ಣಿಗೆ ನಂಬರ್ ಬಂದಿತ್ತು, ಬೋರ್ಡ್ ಕಾಣ್ತಿದ್ದಿಲ್ಲ. "ಬೋರ್ಡಿನ ಮೇಲಿನದ್ದನ್ನು ಅರ್ಧ ಬರೆದುಕೊಳ್ಳುತ್ತಾಳೆ" ಅಂತ ಬರದಿದ್ರ ನಾನ ಕಣ್ಣಿನ ಡಾಕ್ಟರ ಹತ್ರ ಮೊದಲ ಕರಕೊಂಡು ಹೋಗತಿದ್ದೆ. ಟೀಚರ್, ಆ ಹುಡುಗನ ಕಣ್ಣು ತೋರಿಸ್ಯಾರೇನು ಕೇಳ್ರಿ.

ಗಣಿತ ಟೀಚರ್, ಗದಗ ತಾಲೂಕು

ಅಕ್ಕಾರ, ನೀವು ಬರದದ್ದು ಓದಿ ಮನಸ್ಸಿಗೆ ಬ್ಯಾಸರಾತು. ಹಿಂದಿನ ಬೆಂಚಿನಿಂದ ಬೋರ್ಡ್ ಓದಿಸಿ ನೋಡಿದೆ, ಇವನಿಗೆ ಕಾಣ್ತೈತಿ.

ಇವತ್ತು ಊಟದ ಬಿಡುವಿನ್ಯಾಗ ಕೂಡ್ರಿಸಿಕೊಂಡಿದ್ದೆ ಸರ. ನೀವು ಹೇಳಿದಂಗ ಬರೇ ಒಂದ ಪ್ರಶ್ನೆ ಕೇಳಿದೆ. ಎರಡು ನಿಮಿಷ ಏನೂ ಮಾತಾಡಲಿಲ್ಲ, ಪೆನ್ಸಿಲ್ ತುದಿ ಕಚ್ಚಿಕೋತ ಕುಂತ. ಆಮ್ಯಾಲ ಹೇಳಿದ: "ಟೀಚರ್, 1 ಹಾಕಿ ನೋಡಿದೆ, 2, 3 ಹಾಕಿ ನೋಡಿದೆ. ಕೂಡವಲ್ದು." ನೀವು ಊಹಿಸಿದಂಗ ಐತಿ. x ಕಂಡಲ್ಲೆಲ್ಲಾ ಅಂಕಿ ಹಾಕಿ ನೋಡ್ತಾನ, ಎರಡೂ ಕಡೆ ಒಂದ ಬಂದ್ರ ಉತ್ತರ.

2, 5, 3, 4ರ ಲಸಾಅ ಎಷ್ಟು ಅಂದೆ. ತಟ್ಟನ 60 ಅಂದ. ಹಂಗಾದ್ರ ಎರಡೂ ಕಡೆ 60ಲೆ ಗುಣಿಸು ಅಂದೆ. ಅದನ್ನ ಇಲ್ಲಿ ಬಳಸಬೇಕು ಅನ್ನೂದು ಅವನಿಗೆ ಹೊಳದಿದ್ದಿಲ್ಲ. ಬರದ:

30x − 12 = 20x + 15
10x = 27
x = 27/10

ಉತ್ತರ ಬಂದ ಮ್ಯಾಲ ಕೆಳಗ ಇಟ್ಟು ತಾಳೆ ನೋಡಿದ, ಅದನ್ನ ನಾನು ಹೇಳಿದ್ದಿಲ್ಲ. "ಇದಕ್ಕ ನನಗ ಸಿಕ್ಕಿದ್ದಿಲ್ಲ, 2.7 ಐತಿ" ಅಂದ. ನಾನೂ ಜೂನದಿಂದ ಅವನ ಬಾಯಿಲೆಕ್ಕಾ ಕೇಳಿ ಖುಷಿ ಪಟ್ಟೀನಿ ಹೊರತು, ಬರಸಿ ನೋಡಿದ್ದಿಲ್ಲ.

ರಾತ್ರಿ ಇದನ್ನ ಬರದೀನಿ, ನೋಡ್ರಿ: "ಮನಸ್ಸಿನಲ್ಲೇ ವೇಗವಾಗಿ ಲೆಕ್ಕ ಮಾಡುತ್ತಾನೆ, ಆದರೆ ಹಂತಗಳನ್ನು ಬರೆಯುವುದಿಲ್ಲ. ದಿನಾಲು ಮನೆಗೆಲಸ ಮಾಡಬೇಕು, ನೋಟ್‌ಬುಕ್ ಪೂರ್ಣಗೊಳಿಸಬೇಕು, ಸಮೀಕರಣಗಳ ಹಂತ ಬರೆಯಬೇಕು, ಪರೀಕ್ಷೆಯಲ್ಲಿ ಪೂರ್ತಿ ಸಮಯ ಕೂರಬೇಕು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವುದರಿಂದ ತರಗತಿಯಲ್ಲಿ ನಿದ್ದೆ ಮಾಡುತ್ತಾನೆ."

ಕೊನೀದು ಅವನ ಹೇಳಿದ. ಮೋಟರಿನ ತ್ರೀ ಫೇಸ್ ಕರೆಂಟು ರಾತ್ರಿ ಇದ್ದ ವಾರ ಅಪ್ಪನ ಜೊತಿ ಹೊಲಕ್ಕ ಹೋಗ್ತಾನಂತ.

ನಿವೃತ್ತ ಹೆಡ್‌ಮಾಸ್ತರ್, ಧಾರವಾಡ

ತಾಳೆ ನೋಡಿದ್ದು ಕೇಳಿ ನನಗ ಭಾಳ ಸಂತೋಷ ಆತು. ಮನಸ್ಸಿಲ್ಲದ ಹುಡುಗ ತಾಳೆ ನೋಡೂದಿಲ್ಲ.

ಈಗ ವಾಕ್ಯಕ್ಕ ಬರೋಣು. ನಿದ್ದಿ ಮಾತು ತೆಗೀರಿ. ಅದು ನಿಮ್ಮ ಮ್ಯಾಲ ಭರೋಸಾ ಇಟ್ಟು ಹೇಳಿದ್ದು. ಕಾರ್ಡಿನ್ಯಾಗ ಬರದ್ರ ಅಪ್ಪ ಅದನ್ನ ತನ್ನ ಮ್ಯಾಲಿನ ದೂರು ಅಂತ ಓದ್ತಾನ, ಹುಡುಗ ಮತ್ತೊಮ್ಮೆ ನಿಮ್ಮ ಮುಂದ ಬಾಯಿ ಬಿಡೂದಿಲ್ಲ. ಪಾಲಕರ ಸಭಾದಾಗ ಅಪ್ಪ ಬಂದ್ರ ಒಬ್ಬವನ್ನ ಕರದು ಮಾತಾಡ್ರಿ.

ಆಮ್ಯಾಲ "ಆದರೆ". ಆ ಒಂದು ಶಬ್ದ ಬಂದ ಕೂಡಲೆ ಹಿಂದಿನ ಹೊಗಳಿಕಿ ಅಳಿಸಿ ಹೋಗ್ತದ, ಓದೂ ಮಂದಿಗೆ ಅದರ ಮುಂದಿಂದಷ್ಟ ನೆನಪಿರ್ತದ. ಪೂರ್ಣವಿರಾಮ ಹಾಕಿ ಹೊಸಾ ವಾಕ್ಯ ಸುರು ಮಾಡ್ರಿ.

ಮೂರನೇದು, ನೀವು ನಾಲ್ಕು ಕೆಲಸ ಹೇಳೀರಿ. ಖಾಲಿ ನೋಟ್‌ಬುಕ್ಕಿನ ಹುಡುಗ ನಾಲ್ಕರಾಗ ಒಂದೂ ಮಾಡೂದಿಲ್ಲ. ಒಂದ ಹೇಳ್ರಿ, ಉಳದದ್ದನ್ನ ಎಳಕೊಂಡು ಬರೂವಂಥಾದ್ದು. ಹಂತ ಬರಿಯೂದು ಬಂತು ಅಂದ್ರ ನಾಲ್ಕು ಅಂಕದ ಪ್ರಶ್ನೆ ಬಿಡೂದಿಲ್ಲ, ಪ್ರಶ್ನೆ ಬಿಡಲಿಲ್ಲಂದ್ರ ಕಿಟಕಿ ನೋಡಲಿಕ್ಕೆ ವ್ಯಾಳ್ಯಾ ಉಳಿಯೂದಿಲ್ಲ. ಮತ್ತ ಆ ಕೆಲಸ ಮನ್ಯಾಗ ಮಾಡಂತ ಕೊಡಬ್ಯಾಡ್ರಿ, ರಾತ್ರಿ ಅವ ಹೊಲದಾಗ ಇರ್ತಾನ. ನಿಮ್ಮ ಪೀರಿಯಡ್ಡಿನ್ಯಾಗ, ನಿಮ್ಮ ಕಣ್ಣ ಮುಂದ ಆಗೂವಂಥಾದ್ದು ಕೊಡ್ರಿ. ದಿನಕ್ಕ ಎಷ್ಟು, ಯಾವಾಗ, ಯಾರಿಗೆ ತೋರಸಬೇಕು, ಎಲ್ಲೀತನಕ, ಇಷ್ಟು ಇರಲಿ. ಆತೋ ಇಲ್ಲೋ ಅಂತ ಅವಂಗೂ ನಿಮಗೂ ಎಣಿಸಲಿಕ್ಕೆ ಬರಬೇಕು.

ಗಣಿತ ಟೀಚರ್, ಗದಗ ತಾಲೂಕು

ಮೂರು ಸಲ ಕಾಟ ಹೊಡದು ಇದಕ್ಕ ಬಂದೀನಿ. ಎರಡ ಗೆರಿ ಸಾಲಲಿಲ್ಲ, ಕೆಳಗಿನ ಖಾಲಿ ಜಾಗಾನೂ ತಗೊಂಡೀನಿ:

"ಕಠಿಣ ಗುಣಾಕಾರವನ್ನೂ ಮನಸ್ಸಿನಲ್ಲೇ ಸರಿಯಾಗಿ ಮಾಡುತ್ತಾನೆ. ಹೇಗೆ ಮಾಡಿದೆ ಎಂಬುದನ್ನು ಗೆಳೆಯರಿಗೆ ತಿಳಿಯುವಂತೆ ಹೇಳುತ್ತಾನೆ. ಉತ್ತರವನ್ನು ತಾನೇ ತಾಳೆ ನೋಡುತ್ತಾನೆ. ಮುಂದಿನ ಹೆಜ್ಜೆ: ದೀಪಾವಳಿವರೆಗೆ ಪ್ರತಿ ಗಣಿತದ ಅವಧಿಯಲ್ಲಿ ಒಂದು ಸಮೀಕರಣವನ್ನು ಎಲ್ಲ ಹಂತಗಳೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದು, ಗಂಟೆ ಹೊಡೆಯುವ ಮೊದಲು ನನಗೆ ತೋರಿಸುವುದು."

ಲೇಥ್ ಕೆಲಸಗಾರ, ಹುಬ್ಬಳ್ಳಿ

ಇದನ್ನ ನಮ್ಮವ್ವನ ಮುಂದ ಇದ್ದದ್ದು ಇದ್ದಂಗ ಓದತಿದ್ದೆ ನೋಡ್ರಿ ಟೀಚರ್.

ಬಿಎಡ್ ಮುಗಿಸಿದ ಟೀಚರ್, ಹುಬ್ಬಳ್ಳಿ

ಬಹಳ ಚೆನ್ನಾಗಿದೆ. ಒಂದೇ ಪ್ರಶ್ನೆ. "ಮಾಡುತ್ತಾನೆ" ಎಂದು ಪಾಲಕರಿಗೆ ಬರೆಯುವ ಬದಲು "ನೀನು ಮಾಡುತ್ತೀ" ಎಂದು ಅವನಿಗೇ ಬರೆಯಬಹುದಲ್ಲವೇ? ಕೆಲಸ ಮಾಡಬೇಕಾದವನು ಅವನು.

ನಿವೃತ್ತ ಹೆಡ್‌ಮಾಸ್ತರ್, ಧಾರವಾಡ

ಚೀಟಿಯೊಳಗ "ನೀನು" ಅಂತ ಬರೀರಿ, ಕಾರ್ಡಿನ್ಯಾಗ ಹಿಂಗ ಇರಲಿ ಅಂತೀನಿ. ಕಾರ್ಡ್ ಅಪ್ಪ, ಅವ್ವ, ಮುಂದಿನ ವರ್ಷದ ಮಾಸ್ತರು ಎಲ್ಲಾರೂ ಓದ್ತಾರ.

ಬಿಎಡ್ ಮುಗಿಸಿದ ಟೀಚರ್, ಹುಬ್ಬಳ್ಳಿ

ಸರ್, ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ತನ್ನ ಬಗ್ಗೆ ದೊಡ್ಡವರು ದೊಡ್ಡವರ ಜೊತೆ ಮಾತಾಡಿಕೊಂಡ ಹಾಗೆ ಓದಿಸಿಕೊಳ್ಳುತ್ತದೆ. ನಾನು ಈ ಸಲ ನಮ್ಮ ತರಗತಿಯ ಕಾರ್ಡುಗಳಲ್ಲೇ "ನೀನು" ಎಂದು ಬರೆದು ನೋಡುತ್ತೇನೆ.

ಗಣಿತ ಟೀಚರ್, ಗದಗ ತಾಲೂಕು

ದೀಪಾವಳಿ ಮುಗಿಸಿ ಬಂದು ಬರಿಯಾಕತ್ತೀನಿ. ಚೀಟಿ ಕೊಟ್ಟ ದಿನ ಅದನ್ನ ಓದಿ ನಾಲ್ಕು ಮಡಿಕಿ ಮಾಡಿ ಕಂಪಾಸ್ ಪೆಟ್ಟಿಗ್ಯಾಗ ಇಟ್ಟ, ಏನೂ ಅನಲಿಲ್ಲ. ಸೂಟಿ ಆದ ಮ್ಯಾಲ ದೀಪಾವಳಿತನಕ 11 ಪೀರಿಯಡ್ ಸಿಕ್ಕೂ. ಏಳು ಸಲ ತೋರಿಸ್ಯಾನ. ಮೊದಲನೇ ಎರಡು ದಿನ ನಾನ ಕರೀಬೇಕಾತು. ಬಿಟ್ಟ ನಾಲ್ಕೂ ದಿನ ರಾತ್ರಿ ಕರೆಂಟಿನ ವಾರದಾಗ ಬಂದಾವು, ಅವತ್ತು ಮ್ಯಾಲ ಮಾರಿ ಎತ್ತಲಿಲ್ಲ. ಅಪ್ಪಗ ಹೇಳಿ ಕಳಿಸೀನಿ, ಇನ್ನೂ ಬಂದಿಲ್ಲ.

ಮೊನ್ನೆ ಸಣ್ಣ ಟೆಸ್ಟಿನ್ಯಾಗ ನಾಲ್ಕು ಅಂಕದ ಸಮೀಕರಣ ಎರಡು ಕೊಟ್ಟಿದ್ದೆ. ಒಂದು ಪೂರ್ತಿ ಸರಿ. ಇನ್ನೊಂದರಾಗ ಬಲಗಡೆ ಪದ ಎಡಕ್ಕ ತರೂ ಮುಂದ ಚಿಹ್ನೆ ತಪ್ಪೇತಿ, ಮೂರು ಅಂಕ ಕೊಟ್ಟೀನಿ. ಖಾಲಿ ಬಿಟ್ಟಿಲ್ಲ. ವಿಜ್ಞಾನ, ಸಮಾಜದ ನೋಟ್‌ಬುಕ್ ಇನ್ನೂ ಹಂಗ ಅದಾವಂತ. ವಿಜ್ಞಾನದ ಸರ್ ತಾವೂ ಪೇಪರ್ ಎಣಿಸಿ ನೋಡ್ತೀನಿ ಅಂದಾರ, ಅವನ ಅಂಕ ಅವರ ಕಡೆ ಎಲ್ಲಿ ಹೋಗ್ಯಾವು ಅಂತ.